ಗೋದಾಮಿನ ಶೀಟಿನ ಮಾಡು ರೆಂಡರ್‌ನಲ್ಲಿ ನಂಬಿಕೆ ಹುಟ್ಟಿಸದಿದ್ದರೆ: ಅಲೆ, ಲ್ಯಾಪ್ ಮತ್ತು ತುಕ್ಕಿನ ದೋಷ ಪತ್ತೆ

ಸಕಲೇಶಪುರದ ಕಡೆಯ ಒಂದು ಕಾಫಿ ಗೋದಾಮಿನ ರೆಂಡರ್ ಕಡತ ಹಾಸನದ ವಿನ್ಯಾಸಕ ಮಿತ್ರರೊಬ್ಬರಿಂದ ನನ್ನ ಬಳಿಗೆ ಬಂದಿತ್ತು. ಗೋಡೆ, ಕಣ, ಸುತ್ತಲಿನ ಸಿಲ್ವರ್ ಓಕ್ ಮರಗಳು ಎಲ್ಲವೂ ಚೆನ್ನಾಗಿಯೇ ಇದ್ದವು. ಆದರೆ ತೋಟದ ಮಾಲೀಕರು ಚಿತ್ರ ನೋಡಿದ ಕೂಡಲೇ, ‘ಇದು ಶೀಟ್ ಹೊದಿಸಿದ ಮಾಡಲ್ಲ, ಚಾಪೆ ಹಾಸಿದ ಹಾಗಿದೆ’ ಎಂದುಬಿಟ್ಟರಂತೆ. ಅವರಿಗೆ ಬ್ಲೆಂಡರ್ ಗೊತ್ತಿಲ್ಲ. ಆದರೆ ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿಸಿ ಬೋಲ್ಟ್ ಬಿಗಿ ಮಾಡಿಸುವ ಅವರಿಗೆ ಶೀಟ್ ಹೇಗೆ ಕೂರುತ್ತದೆ, ಎಲ್ಲಿ ತುಕ್ಕು ಹಿಡಿಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆ ಕಡತದಲ್ಲಿದ್ದ ದೋಷಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಒಂದೊಂದನ್ನೂ ಹೇಗೆ ಗುರುತಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕ್ರಮಕ್ಕೆ ಮಹತ್ವವಿದೆ. ತುಕ್ಕಿನ ಗೆರೆ ಎಲ್ಲಿ ಬರಬೇಕೆಂಬುದನ್ನು ಲ್ಯಾಪ್, ಅಂದರೆ ಒಂದು ಶೀಟು ಇನ್ನೊಂದರ ಮೇಲೆ ಕೂರುವ ಭಾಗ, ನಿರ್ಧರಿಸುತ್ತದೆ, ಲ್ಯಾಪ್ ಎಲ್ಲಿ ಕೂರಬೇಕೆಂಬುದನ್ನು ಅಲೆಯ ಅಳತೆ ನಿರ್ಧರಿಸುತ್ತದೆ. ಆದ್ದರಿಂದ ತುಕ್ಕಿನಿಂದ ತಿದ್ದಲು ಹೊರಟರೆ ಆ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಮೊದಲ ಪರೀಕ್ಷೆ: ಬಣ್ಣ ತೆಗೆದು, ಅಡ್ಡ ಬಿಸಿಲಲ್ಲಿ

ಸೈಕಲ್ಸ್‌ನಲ್ಲಿ View Layer ಗುಣಗಳ ಕೆಳಗಿರುವ Override ಎಂಬಲ್ಲಿ ಒಂದು ಸಾದಾ ಬೂದು ಮೆಟೀರಿಯಲ್ ಕೊಟ್ಟು ಒಮ್ಮೆ ರೆಂಡರ್ ಮಾಡಿ. ಅಲೆಗಳು ಪೂರ್ತಿ ಮಾಯವಾದರೆ ಅವು ಇದ್ದದ್ದು ಮೆಟೀರಿಯಲ್‌ನಲ್ಲಿ, ಅಂದರೆ ಬಂಪ್ ಅಥವಾ ನಾರ್ಮಲ್ ಮ್ಯಾಪಿನಲ್ಲಿ. ಉಳಿದರೆ ಅವು ಮೆಷ್‌ನಲ್ಲಿಯೇ ಇವೆ. ಸೂರಿನ ಅಂಚು ಹತ್ತಿರದಿಂದ ಕಾಣುವ ಚಿತ್ರಕ್ಕೆ ಬಂಪ್ ಯಾವ ಕಾಲಕ್ಕೂ ಸಾಲದು. ಸೂರಿನ ತುದಿಯಲ್ಲಿ ಹಾವಿನಂತೆ ಸಾಗಬೇಕಾದ ಅಂಚು ನೆಟ್ಟಗೆ ಗೆರೆ ಎಳೆದಂತೆ ಕಂಡರೆ, ನಾರ್ಮಲ್ ಮ್ಯಾಪನ್ನು ಎಷ್ಟು ತಿದ್ದಿದರೂ ಅದು ಸರಿಹೋಗುವುದಿಲ್ಲ.

ಇದೇ ಪರೀಕ್ಷೆಯಲ್ಲಿ ಬೆಳಕಿನ ದಿಕ್ಕನ್ನೂ ನೋಡಬೇಕು. ಅಲೆಗಳು ಯಾವಾಗಲೂ ನೆತ್ತಿಯಿಂದ ಸೂರಿನ ಕಡೆಗೆ ಇಳಿಯುತ್ತವೆ. ನಮ್ಮ ಗೋದಾಮಿನ ನೆತ್ತಿ ಪೂರ್ವ–ಪಶ್ಚಿಮವಾಗಿತ್ತು, ಅಂದರೆ ಅಲೆಗಳು ಉತ್ತರ–ದಕ್ಷಿಣ. ಇಂಥ ಮಾಡಿಗೆ ಬೆಳಗಿನ ಬಿಸಿಲು ಅಲೆಗಳಿಗೆ ಅಡ್ಡವಾಗಿ ಬೀಳುವುದರಿಂದ ಪ್ರತಿಯೊಂದು ಉಬ್ಬೂ ತನ್ನ ನೆರಳಿನ ಸಮೇತ ಎದ್ದು ಕಾಣುತ್ತದೆ. ನೆತ್ತಿ ಉತ್ತರ–ದಕ್ಷಿಣವಾಗಿದ್ದರೆ ಅದೇ ಬಿಸಿಲು ಅಲೆಗಳ ಉದ್ದಕ್ಕೆ ಹರಿದು ಮಾಡು ಬೋಳಾಗಿ ಕಾಣುತ್ತದೆ. ಅದು ಮಾದರಿಯ ದೋಷವಲ್ಲ, ನಿಜವಾದ ಕಟ್ಟಡವೂ ಹಾಗೆಯೇ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಅನೇಕರು ಬಂಪ್‌ನ ಬಲವನ್ನು ಏರಿಸುತ್ತಾ ಹೋಗುತ್ತಾರೆ, ಆಮೇಲೆ ಸಂಜೆಯ ದೃಶ್ಯದಲ್ಲಿ ಶೀಟು ಒರಳಿನ ಒಳಗಿಗಿಂತ ಒರಟಾಗಿ ಬರುತ್ತದೆ. ಪರೀಕ್ಷೆಗೆ ಸೂರ್ಯನನ್ನು ಅಲೆಗೆ ಅಡ್ಡವಾಗಿ, ದಿಗಂತದಿಂದ ಇಪ್ಪತ್ತು ಡಿಗ್ರಿಯಷ್ಟು ಮೇಲೆ ಇಡುವುದು ಒಳ್ಳೆಯದು.

ನಾರ್ಮಲ್ ಮ್ಯಾಪ್ ಬಳಸಿದವರಿಗೆ ಇಲ್ಲೊಂದು ಮಾತು. ಉಬ್ಬು ತಗ್ಗಾಗಿ ಕಾಣುತ್ತಿದೆ ಎಂದರೆ ‘ಹಸಿರು ಚಾನೆಲ್ ತಿರುಗಿಸಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಚಿತ್ರದಲ್ಲಿ ಅಲೆಗಳು ಮೇಲಿನಿಂದ ಕೆಳಕ್ಕೆ ಓಡುತ್ತಿದ್ದರೆ ಅವುಗಳ ಏರಿಳಿತ ಇರುವುದು ಕೆಂಪು ಚಾನೆಲ್‌ನಲ್ಲಿ. ಹಸಿರನ್ನು ತಿರುಗಿಸಿದರೆ ಏನೂ ಬದಲಾಗುವುದಿಲ್ಲ. ಇನ್ನೊಂದು, ಅಡ್ಡ ಬಿದ್ದ ಅಲೆಯನ್ನು ನೇರ ಮಾಡಲು Mapping ನೋಡ್‌ನಲ್ಲಿ ಚಿತ್ರವನ್ನು 90 ಡಿಗ್ರಿ ತಿರುಗಿಸುವುದು. ಹಾಗೆ ಮಾಡಿದಾಗ ಚಿತ್ರ ತಿರುಗುತ್ತದೆ, ಅದರೊಳಗಿನ ದಿಕ್ಕುಗಳು ತಿರುಗುವುದಿಲ್ಲ, ಬೆಳಕು ಬೇರೆ ಕಡೆಯಿಂದ ಬಿದ್ದಂತೆ ಆಗುತ್ತದೆ. UV Editor ಒಳಗೆ ಹೋಗಿ ಯುವಿಯನ್ನೇ ತಿರುಗಿಸಬೇಕು.

ಗುಂಡಗಿನ ಅಲೆಯ ಜಿಂಕ್ ಶೀಟಿನಲ್ಲಿ ಉಬ್ಬು–ತಗ್ಗು ಅದಲುಬದಲಾದರೂ ಕಣ್ಣಿಗೆ ತಿಳಿಯುವುದು ಕಷ್ಟ, ಏಕೆಂದರೆ ಎರಡೂ ಒಂದೇ ಆಕಾರದವು. ಬೋಲ್ಟುಗಳು ಉಬ್ಬಿನ ಬದಲು ತಗ್ಗಿನಲ್ಲಿ ಕೂತಂತೆ ಕಂಡಾಗ ಮಾತ್ರ ಅನುಮಾನ ಬರುತ್ತದೆ. ಈಗಿನ ಬಣ್ಣದ ಶೀಟುಗಳಲ್ಲಿ ಹಾಗಲ್ಲ. ಅವುಗಳ ಉಬ್ಬು ಕಿರಿದು, ನಡುವಿನ ತಟ್ಟೆ ಅಗಲ. ರೆಂಡರ್‌ನಲ್ಲಿ ಅಗಲವಾದ ಭಾಗ ಮೇಲೆದ್ದು ಕಿರಿದಾದ ಭಾಗ ಚರಂಡಿಯಂತೆ ಕಂಡರೆ ಮ್ಯಾಪ್ ತಲೆಕೆಳಗಾಗಿದೆ ಎಂದೇ ಅರ್ಥ.

ಪಕ್ಕದ ಲ್ಯಾಪ್: ನಿಜವಾದ ರೋಗ ಇದ್ದದ್ದು ಇಲ್ಲಿ

ಮಿತ್ರರ ಕಡತದಲ್ಲಿ ಅಲೆಗಳು ಮೆಷ್‌ನಲ್ಲಿಯೇ ಇದ್ದವು, ದಿಕ್ಕೂ ಸರಿಯಾಗಿತ್ತು. ಬೂದು ಬಣ್ಣದ ರೆಂಡರ್‌ನಲ್ಲಿ ಎದ್ದು ಕಂಡ ದೋಷವೆಂದರೆ ಪ್ರತಿ ಶೀಟಿನ ಸೇರುವೆಯಲ್ಲಿ ಕಪ್ಪು ಚುಕ್ಕೆಗಳ ಪಟ್ಟಿ, ಮತ್ತು ಆ ಪಟ್ಟಿಯ ಎರಡೂ ಬದಿಯ ಅಲೆಗಳ ನಡುವೆ ತಾಳ ತಪ್ಪಿದ ಅಂತರ. ಮಾಲೀಕರ ಕಣ್ಣಿಗೆ ಚುಚ್ಚಿದ್ದು ಬಹುಶಃ ಇದೇ.

ಗುಂಡಗಿನ ಅಲೆಯ ಶೀಟಿನಲ್ಲಿ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸುಮಾರು 76 ಮಿಲಿಮೀಟರ್, ಅಂದರೆ ಮೂರು ಇಂಚು. ಆಳ ಸುಮಾರು 18 ಮಿಲಿಮೀಟರ್. ಕಡತದ ಶೀಟಿನಲ್ಲಿ ಹತ್ತೂವರೆ ಅಲೆ ಇದ್ದುದರಿಂದ ಅಗಲ 798 ಮಿಲಿಮೀಟರ್ ಆಗಿತ್ತು. ಅದನ್ನು 800 ಎಂದು ಇಟ್ಟುಕೊಂಡು, ಲ್ಯಾಪಿಗೆ 100 ಕಳೆದು, Array ಮಾಡಿಫೈಯರ್‌ನ Constant Offset ಜಾಗದಲ್ಲಿ 0.7 ಮೀಟರ್ ಕೊಟ್ಟಿದ್ದರು. ಲೆಕ್ಕ ನೋಡಲು ಸರಿಯಾಗಿಯೇ ಇದೆ. ಆದರೆ ಒಂದು ಶೀಟು ಇನ್ನೊಂದರ ಮೇಲೆ ಕೂರಬೇಕಾದರೆ ಉಬ್ಬಿನ ಮೇಲೆ ಉಬ್ಬು, ತಗ್ಗಿನ ಮೇಲೆ ತಗ್ಗು ಬರಬೇಕು. ಅಂದರೆ ಒಂದು ಶೀಟಿನಿಂದ ಮುಂದಿನದಕ್ಕೆ ಸರಿಯುವ ದೂರ ಪೂರ್ಣ ಅಲೆಗಳ ಲೆಕ್ಕದಲ್ಲಿಯೇ ಇರಬೇಕು. 700 ಅನ್ನು 76ರಿಂದ ಭಾಗಿಸಿದರೆ 9.21 ಬರುತ್ತದೆ. ಆ 0.21 ಅಲೆಯಷ್ಟು, ಸುಮಾರು 16 ಮಿಲಿಮೀಟರ್, ಪ್ರತಿ ಶೀಟೂ ತನ್ನ ಪಕ್ಕದ್ದಕ್ಕಿಂತ ಜಾರಿ ಕೂತಿತ್ತು. 18 ಮಿಲಿಮೀಟರ್ ಆಳದ ಎರಡು ಅಲೆಗಳು ಇಷ್ಟು ಜಾರಿದರೆ ಕೆಲವೆಡೆ ಕೆಳಗಿನ ಶೀಟು ಮೇಲಿನದಕ್ಕಿಂತ 11 ಮಿಲಿಮೀಟರ್‌ವರೆಗೂ ಎತ್ತರಕ್ಕೆ ಬರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿನಲ್ಲಿ ಅದು ಸಾಧ್ಯವೇ ಇಲ್ಲ; ರೆಂಡರ್‌ನಲ್ಲಿ ಮಾತ್ರ ಒಂದು ಇನ್ನೊಂದರೊಳಗೆ ತೂರಿಕೊಂಡು ಹೋಗುತ್ತದೆ.

ಮಾಡು ಹೊದಿಸುವವರು ಮಿಲಿಮೀಟರ್ ಎಣಿಸುವುದಿಲ್ಲ, ಅಲೆ ಎಣಿಸುತ್ತಾರೆ. ‘ಒಂದೂವರೆ ಅಲೆ ಲ್ಯಾಪ್ ಕೊಡಿ’ ಎನ್ನುತ್ತಾರೆ. ಅದೇ ಲೆಕ್ಕ ಇಲ್ಲಿಯೂ ಸಾಕು. ಹತ್ತೂವರೆಯಲ್ಲಿ ಒಂದೂವರೆ ಕಳೆದರೆ ಒಂಬತ್ತು ಅಲೆ, ಅಂದರೆ 684 ಮಿಲಿಮೀಟರ್. Relative Offset ಗುರುತು ಇಲ್ಲವೆಂಬುದನ್ನು ನೋಡಿಕೊಂಡು Constant Offset ಎಕ್ಸ್ ದಿಕ್ಕಿನಲ್ಲಿ 0.684 ಕೊಟ್ಟ ಕೂಡಲೇ ತಾಳ ಸರಿಯಾಯಿತು. 27 ಶೀಟುಗಳಿಗೆ ಒಟ್ಟು ಉದ್ದ 18.58 ಮೀಟರ್ ಆಗಿ, 18 ಮೀಟರ್ ಗೋದಾಮಿಗೆ ಎರಡು ತುದಿಯಲ್ಲೂ ಅಡಿಯಷ್ಟು ಹೊರಚಾಚೂ ದೊರೆಯಿತು. ಆಬ್ಜೆಕ್ಟ್‌ನ ಸ್ಕೇಲ್ ಅನ್ವಯಿಸದೆ ಇದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ ಎಂಬುದನ್ನು ಮರೆಯಬಾರದು. ಮೊದಲು Ctrl+A ಒತ್ತಿ Scale ಅನ್ವಯಿಸಿಕೊಳ್ಳಬೇಕು.

ಆದರೂ ಕಪ್ಪು ಚುಕ್ಕೆಗಳು ಪೂರ್ತಿ ಹೋಗಲಿಲ್ಲ. ಈಗ ಎರಡು ಶೀಟುಗಳು ಒಂದೇ ಎತ್ತರದಲ್ಲಿ ಒಂದರ ಮೇಲೊಂದು ಕೂತಿದ್ದವು, ಯಾವುದು ಮೇಲೆ ಎಂದು ರೆಂಡರರ್‌ಗೆ ತಿಳಿಯದು. ಇದಕ್ಕೆ ಹೊಳೆಯುವ ಸುಲಭ ಉಪಾಯವೆಂದರೆ Array ಒಳಗೆ ಜೆಡ್ ದಿಕ್ಕಿನಲ್ಲಿ ಎರಡೂವರೆ ಮಿಲಿಮೀಟರ್ ಕೊಡುವುದು. ಅದು ಕೂಡುತ್ತಾ ಹೋಗಿ ಕೊನೆಯ ಶೀಟು ಮೊದಲನೆಯದಕ್ಕಿಂತ 65 ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ, ನೆತ್ತಿಯ ಗೆರೆ ಓರೆಯಾಗುತ್ತದೆ. ಸರಿಯಾದ ದಾರಿ ಪ್ರತಿ ಶೀಟನ್ನೂ ಅಡ್ಡಲಾಗಿ ತುಸು ಓರೆ ಮಾಡುವುದು: ಒಂಬತ್ತು ಅಲೆ ದಾಟುವಷ್ಟರಲ್ಲಿ ಎರಡೂವರೆ ಮಿಲಿಮೀಟರ್ ಏರಿದರೆ, ಲ್ಯಾಪಿನ ಉದ್ದಗಲಕ್ಕೂ ಎರಡು ಶೀಟುಗಳ ನಡುವೆ ಅಷ್ಟೇ ಅಂತರ ಉಳಿಯುತ್ತದೆ, ಒಟ್ಟು ಮಾಡು ಮಾತ್ರ ಸಮವಾಗಿಯೇ ಇರುತ್ತದೆ. ನಿಜವಾದ ತಗಡಿಗೆ ಇಷ್ಟು ಅಂತರ ಇರುವುದಿಲ್ಲವಾದರೂ, ಅಂಚಿನ ನೆರಳು ಕಾಣಬೇಕಾದರೆ ಇಷ್ಟು ಬೇಕು. ಅಂಥ ಒಂದು ಶೀಟನ್ನು ಹೀಗೆ ಮಾಡಿಕೊಳ್ಳಬಹುದು:

```python
import bpy
from math import cos, pi

pitch, depth, ribs = 0.076, 0.018, 10.5
length, seg = 3.05, 12
lift = 0.0025 / (9 * pitch)

n = int(ribs * seg)
verts, faces = [], []
for i in range(n + 1):
    x = i * pitch / seg
    z = depth / 2 * cos(2 * pi * i / seg) + lift * x
    verts += [(x, 0, z), (x, length, z)]
for i in range(n):
    a = 2 * i
    faces.append((a, a + 2, a + 3, a + 1))

me = bpy.data.meshes.new("sheet")
me.from_pydata(verts, [], faces)
ob = bpy.data.objects.new("sheet", me)
bpy.context.collection.objects.link(ob)
```

ಇದರಲ್ಲಿ ಎಡ ಅಂಚು ಉಬ್ಬಿನ ಮೇಲೆ ಆರಂಭವಾಗಿ ಬಲ ಅಂಚು ತಗ್ಗಿನಲ್ಲಿ ಮುಗಿಯುತ್ತದೆ. ಒಂದೂವರೆ ಅಲೆಯ ಲ್ಯಾಪಿನಲ್ಲಿ ಹಾಗೆಯೇ ಇರಬೇಕು: ಕೆಳಗೆ ಹೋಗುವ ಅಂಚು ಮೇಲೆದ್ದಿರಬೇಕು, ಮೇಲೆ ಬರುವ ಅಂಚು ಕೆಳಗೆ ಬಾಗಿರಬೇಕು, ಆಗ ಲ್ಯಾಪಿನೊಳಗೆ ನುಗ್ಗಿದ ನೀರು ಉಬ್ಬನ್ನು ಹತ್ತಿ ಒಳಗೆ ಸುರಿಯುವುದಿಲ್ಲ. ಪ್ರತಿ ಅಲೆಗೆ ಹನ್ನೆರಡು ಭಾಗ ಇಟ್ಟಿದ್ದೇನೆ, Shade Smooth ಕೊಟ್ಟರೆ ಸೂರಿನ ಅಂಚು ಹತ್ತಿರದಿಂದಲೂ ನಯವಾಗಿ ಕಾಣುತ್ತದೆ.

ಓರೆಯ ಕಾರಣದಿಂದ ಪ್ರತಿ ಶೀಟಿನ ಬಲ ಅಂಚು ಮೇಲೆ ಬರುತ್ತದೆ. ಹಾಗಾಗಿ ಬಲ ಯಾವ ದಿಕ್ಕು ಎಂಬುದನ್ನು ನೋಡಲೇಬೇಕು. ಮಲೆನಾಡಿನ ಮುಂಗಾರು ಮಳೆ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಹೊಡೆಯುತ್ತದೆ. ಬಲ್ಲವರು ಪೂರ್ವದ ತುದಿಯಿಂದ ಹೊದಿಸುತ್ತಾ ಬಂದು, ತೆರೆದ ಅಂಚು ಪೂರ್ವಕ್ಕೆ ಮುಖ ಮಾಡುವಂತೆ ಕೂರಿಸುತ್ತಾರೆ. ಆದ್ದರಿಂದ ಎಕ್ಸ್ ಅಕ್ಷ ಪೂರ್ವಕ್ಕೆ ಹೋಗಬೇಕು. ಎರಡು ಇಳಿಜಾರಿನ ಮಾಡಿನಲ್ಲಿ ಒಂದು ಬದಿಯನ್ನು 180 ಡಿಗ್ರಿ ತಿರುಗಿಸಿ ಇನ್ನೊಂದು ಬದಿ ಮಾಡಿಕೊಂಡರೆ ಎರಡನೆಯದರ ಅಂಚುಗಳೆಲ್ಲ ಗಾಳಿಗೆ ಬಾಯಿ ತೆರೆದು ನಿಲ್ಲುತ್ತವೆ. ತಿರುಗಿಸಬಾರದು, ಕನ್ನಡಿಯಂತೆ ಪ್ರತಿಬಿಂಬಿಸಬೇಕು. ನೆತ್ತಿಯ ಗೆರೆಯ ಮೇಲೆ ಓರೆಯಿಲ್ಲದ ಒಂದು Empty ಇಟ್ಟು ಅದನ್ನೇ Mirror Object ಮಾಡಿಕೊಂಡರೆ Mirror ಮಾಡಿಫೈಯರ್ ವೈ ಅಕ್ಷದಲ್ಲಿ ಸಾಕು.

ತುದಿಯ ಲ್ಯಾಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೆತ್ತಿಯ ಕಡೆಯ ಶೀಟು ಸೂರಿನ ಕಡೆಯ ಶೀಟಿನ ಮೇಲೆ ಬರಬೇಕು, ಕಡಿಮೆಯೆಂದರೆ 150 ಮಿಲಿಮೀಟರ್. ಇಳಿಜಾರು ಕಡಿಮೆಯಾದಷ್ಟೂ ಇನ್ನೂ ಹೆಚ್ಚು. ಅಂಚಿನ ನೆರಳು ಅಂಚಿನ ಕೆಳಗೆ ಬೀಳಬೇಕಾದದ್ದು ಮೇಲೆ ಬಿದ್ದರೆ ಸಾಲುಗಳು ಅದಲುಬದಲಾಗಿವೆ. ಮೇಲಿನ ಸಾಲನ್ನು ಐದು ಮಿಲಿಮೀಟರ್ ಎತ್ತಿದರೆ, ನಾಲ್ಕು ಶೀಟು ಒಟ್ಟಿಗೆ ಸೇರುವ ಮೂಲೆಯಲ್ಲೂ ತೂರಿಕೊಳ್ಳುವ ತೊಂದರೆ ಇಲ್ಲ. ಅಡ್ಡ ದಿಕ್ಕಿನಲ್ಲಿ ಮಾತ್ರ ಎರಡು ಸಾಲಿನ ಅಲೆಗಳು ಕೂದಲೆಳೆಯಷ್ಟೂ ಸರಿಯಬಾರದು.

ತುಕ್ಕು: ನೀರು ಹರಿಯದ ಕಡೆ ಗೆರೆ ಬರುವುದಿಲ್ಲ

ಮೊದಲು ಬೋಲ್ಟುಗಳ ಜಾಗ. ಹತ್ತಡಿ ಶೀಟು 3.05 ಮೀಟರ್, 150 ಮಿಲಿಮೀಟರ್ ಲ್ಯಾಪ್ ಕಳೆದರೆ 2.9 ಉಳಿಯುತ್ತದೆ. ಲ್ಯಾಪ್ ಶೀಟನ್ನು ಹೊರುವ ಅಡ್ಡ ತೊಲೆಯ, ಅಂದರೆ ಪರ್ಲಿನ್‌ನ ಮೇಲೆಯೇ ಕೂರಬೇಕಾದ್ದರಿಂದ, ನಡುವೆ ಒಂದು ಪರ್ಲಿನ್ ಇಟ್ಟರೆ ಸಾಲಿನಿಂದ ಸಾಲಿಗೆ 1.45 ಮೀಟರ್. ಜೆ ಬೋಲ್ಟುಗಳು ಈ ಸಾಲುಗಳಲ್ಲಿ ಮಾತ್ರ, ಅದೂ ಉಬ್ಬಿನ ಮೇಲೆ ಬರುತ್ತವೆ. ಮಿತ್ರರ ಕಡತದಲ್ಲಿ ಬೋಲ್ಟುಗಳೇ ಇರಲಿಲ್ಲ. ಎಲ್ಲೆಲ್ಲೋ ಕಂದು ಮಚ್ಚೆಗಳಿದ್ದವು, ಕೆಲವು ಗೆರೆಗಳು ನಾಲ್ಕೈದು ಅಲೆಗಳನ್ನು ಅಡ್ಡ ದಾಟಿ ಓರೆಯಾಗಿ ಇಳಿದಿದ್ದವು. ಯಾವ ನೀರೂ ಹಾಗೆ ಉಬ್ಬು ಹತ್ತಿ ಇಳಿದು ಹೋಗುವುದಿಲ್ಲ.

ಒಂದು ಹಳೆಯ ಬೋಲ್ಟನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಡಾಂಬರು ವಾಷರ್ ಒಣಗಿ ಬಿರಿದಿರುತ್ತದೆ, ಅದರ ಸುತ್ತ ಕಾಸಿನಗಲದ ಕಡು ಕಂದು ಬಳೆ ಇರುತ್ತದೆ. ಅಲ್ಲಿಂದ ಹೊರಟ ಕಲೆ ಉಬ್ಬಿನ ನೆತ್ತಿಯ ಮೇಲೆ ಸ್ವಲ್ಪ ದೂರ ಹಿಂಜರಿದು, ಎರಡು ಭುಜಗಳಿಗೂ ಕವಲೊಡೆದು, ಗೇಣು ದೂರದೊಳಗೆ ಅಕ್ಕಪಕ್ಕದ ತಗ್ಗುಗಳಿಗೆ ಇಳಿದುಬಿಡುತ್ತದೆ. ಕಾರಣ ಸರಳ: ಇಂಥ ಅಲೆಯ ಭುಜ ಅತಿ ಕಡಿದಾದ ಜಾಗದಲ್ಲಿ ಸುಮಾರು 37 ಡಿಗ್ರಿ ಇಳಿಜಾರು, ಮಾಡಿನ ಇಳಿಜಾರು ಈ ಗೋದಾಮಿನಲ್ಲಿ 18 ಮಾತ್ರ. ಒಮ್ಮೆ ತಗ್ಗು ಸೇರಿದ ಕಲೆ ಅಲ್ಲಿಂದ ಸೂರಿನವರೆಗೂ ನೇರವಾಗಿ, ತೆಳುವಾಗುತ್ತಾ ಹೋಗುತ್ತದೆ. ತುದಿಯ ಲ್ಯಾಪ್ ಬಂದರೂ ಅದೇ ತಗ್ಗಿನಲ್ಲಿ ಕೆಳಗಿನ ಶೀಟಿನ ಮೇಲೆ ಮುಂದುವರಿಯುತ್ತದೆ.

ಬೋಲ್ಟ್ ಬಿಟ್ಟರೆ ತುಕ್ಕಿನ ಇನ್ನೊಂದು ತವರು ಲ್ಯಾಪಿನ ಒಳಭಾಗ. ಎರಡು ತಗಡುಗಳ ನಡುವೆ ಎಳೆದುಕೊಂಡ ನೀರು ಗಾಳಿಯಾಡದೆ ದಿನಗಟ್ಟಲೆ ಒಣಗುವುದಿಲ್ಲ, ಸತುವಿನ ಲೇಪ ಮೊದಲು ಬಿಳಿ ಪುಡಿಯಾಗಿ, ಆಮೇಲೆ ಕಂದಾಗಿ ಅಲ್ಲಿಯೇ ಕೊರೆಯುತ್ತದೆ. ಆದ್ದರಿಂದ ತುದಿಯ ಲ್ಯಾಪಿನ ಅಂಚಿನಲ್ಲಿ ಕಂದು ಬಾಚಣಿಗೆಯ ಹಲ್ಲಿನಂತೆ ಪ್ರತಿ ತಗ್ಗಿನಿಂದಲೂ ಚಿಕ್ಕ ಚಿಕ್ಕ ಗೆರೆ ಇಳಿಯಬಹುದು. ಪಕ್ಕದ ಲ್ಯಾಪಿನ ಅಂಚಿನಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ, ಅದೂ ಒಂಬತ್ತು ಅಲೆಗೊಮ್ಮೆ ಮಾತ್ರ. ಮಾಡಿನ ನಡುವೆ, ಬೋಲ್ಟೂ ಲ್ಯಾಪೂ ಇಲ್ಲದ ಜಾಗದಲ್ಲಿ ತುಕ್ಕು ಕಂಡರೆ ಅದಕ್ಕೆ ಕಾರಣ ಬೇಕು. ತೋಟದಲ್ಲಿ ಅಂಥ ಒಂದು ಕಾರಣ ಇದೆ: ಓಕ್ ಎಲೆಗಳು ತಗ್ಗಿನಲ್ಲಿ ಸಿಕ್ಕಿಕೊಂಡು ಕೊಳೆತು ತೇವ ಹಿಡಿದಿಟ್ಟ ಜಾಗ.

ಇದನ್ನು ನೋಡ್‌ಗಳಲ್ಲಿ ತರುವಾಗ ತುಕ್ಕಿನ ಚಿತ್ರವನ್ನು ಒಂದೇ ಶೀಟಿನ ಯುವಿಗೆ ಅಂಟಿಸಬಾರದು. 27 ಶೀಟುಗಳೂ ಒಂದೇ ಕಲೆ ಹೊತ್ತು ನಿಲ್ಲುತ್ತವೆ. ಮಾಡಿನ ಇಳಿಜಾರಿನಲ್ಲಿಯೇ ಓರೆಯಾಗಿಸಿದ ಒಂದು Empty ಇಟ್ಟು, ಮೊದಲ ಶೀಟಿನ ಮೂಲೆಗೆ ಅದನ್ನು ಸೇರಿಸಿ, Texture Coordinate ನೋಡ್‌ನ Object ಅದನ್ನು ಸೂಚಿಸುವಂತೆ ಮಾಡಿ. ಆಗ ಎಕ್ಸ್ ಅಡ್ಡಕ್ಕೂ ವೈ ಇಳಿಜಾರಿಗೂ ಮೀಟರ್‌ನಲ್ಲಿಯೇ ಸಿಗುತ್ತದೆ. ಇಳಿಜಾರಿನ ಉದ್ದಕ್ಕೆ ಎಳೆದ ನಾಯ್ಸ್ ಅನ್ನು ತಗ್ಗಿನ ಮಾಸ್ಕ್‌ನಿಂದ ಗುಣಿಸಿದರೆ ಗೆರೆ ಉಬ್ಬಿನ ಮೇಲೆ ಹತ್ತುವ ಪ್ರಶ್ನೆಯೇ ಬರುವುದಿಲ್ಲ. ತಗ್ಗಿನ ಮಾಸ್ಕ್‌ಗೆ ಮೇಲಿನ ಶೀಟಿನದೇ ಸೂತ್ರ, ಚಿಹ್ನೆ ಮಾತ್ರ ತಿರುಗಿಸಿದ್ದು:

```
valley = max(0, -cos(2*pi*X / 0.076))
sheet  = max(0, floor((X - 0.114) / 0.684))
```

ಎರಡನೆಯ ಸಾಲು ಪ್ರತಿ ಶೀಟಿಗೂ ಒಂದು ಸಂಖ್ಯೆ ಕೊಡುತ್ತದೆ. ಅದನ್ನು White Noise Texture ಒಳಗೆ ಬಿಟ್ಟರೆ ಶೀಟಿನಿಂದ ಶೀಟಿಗೆ ಹಳಮೆ ಬೇರೆಯಾಗುತ್ತದೆ. ಹಳೆಯ ಮಾಡಿನಲ್ಲಿ ಗಾಳಿಗೆ ಹಾರಿದ್ದಕ್ಕೆ ಬದಲಾಗಿ ಹಾಕಿದ ಒಂದೆರಡು ಹೊಳೆಯುವ ಶೀಟು ಇದ್ದೇ ಇರುತ್ತವೆ. 0.114 ಕಳೆಯುವುದು ಲ್ಯಾಪಿನ ಅಗಲಕ್ಕಾಗಿ. ಅದನ್ನು ಬಿಟ್ಟರೆ ಬಣ್ಣ ಬದಲಾಗುವ ಗೆರೆ ತೆರೆದ ಅಂಚಿಗಿಂತ ಒಂದೂವರೆ ಅಲೆ ಮೊದಲೇ, ಶೀಟಿನ ನಡುವೆ ಬಂದುಬಿಡುತ್ತದೆ. ಶೀಟಿನ ಬಣ್ಣ ಒಂದು ಕಡೆ ಮುರಿದು, ಅಂಚಿನ ನೆರಳು ಇನ್ನೊಂದು ಕಡೆ ಬಿದ್ದಿದ್ದರೆ ಮೊದಲು ನೋಡಬೇಕಾದದ್ದು ಈ ಸಂಖ್ಯೆಯನ್ನು. ಮಿರರ್ ಮಾಡಿದ ಬದಿಗೆ ಬೇರೆ Empty ಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ.

ತುಕ್ಕು ತಾಮ್ರದಂತೆ ಮಿರುಗುತ್ತಿದ್ದರೆ ಬಣ್ಣವನ್ನು ಬದಲಿಸುವುದರಲ್ಲಿ ಹೊತ್ತು ಕಳೆಯಬೇಡಿ. ಸತು ಲೇಪಿತ ತಗಡಿಗೆ Metallic 1 ಇರುವುದು ಸರಿ, ಆದರೆ ತುಕ್ಕು ಲೋಹವಲ್ಲ; ಅದೇ ಮಾಸ್ಕ್‌ನಿಂದ Metallic ಸೊನ್ನೆಗೆ ಇಳಿದು Roughness 0.9ರ ಸುತ್ತ ಬರಬೇಕು. ಬೋಲ್ಟಿನ ಬಳೆಗೆ ಇದು ಪೂರ್ತಿ ಅನ್ವಯಿಸುತ್ತದೆ. ತಗ್ಗಿನಲ್ಲಿ ಇಳಿದ ಗೆರೆ ಮಾತ್ರ ತುಕ್ಕಲ್ಲ, ಸತುವಿನ ಮೇಲೆ ಒಣಗಿದ ತೆಳು ಕಲೆ. ಅದಕ್ಕೆ ಮೂರನೆಯ ಒಂದು ಪಾಲು ಬೆರಕೆ ಸಾಕು, ಬಂಪ್ ಬೇಡವೇ ಬೇಡ. ಬಣ್ಣದ ಶೀಟಿಗೆ ಲೆಕ್ಕ ಬೇರೆ: ಅದರ ಮೇಲ್ಮೈ ಬಣ್ಣವೇ ಹೊರತು ಲೋಹವಲ್ಲ, ಆದ್ದರಿಂದ Metallic ಮೊದಲಿನಿಂದಲೂ ಸೊನ್ನೆ, ತುಕ್ಕು ಸ್ಕ್ರೂ ಸುತ್ತ, ಗೀಚಿದಲ್ಲಿ ಮತ್ತು ಕತ್ತರಿಸಿದ ಅಂಚಿನಲ್ಲಿ ಮಾತ್ರ.

ದೂರದ ದೃಶ್ಯದಲ್ಲಿ ಮಾತ್ರ ಕಾಣುವ ದೋಷ

ಇಷ್ಟೆಲ್ಲ ಸರಿಯಾದ ಮೇಲೆ ಮಿತ್ರರ ಡ್ರೋನ್ ನೋಟದಲ್ಲಿ ಮಾಡಿನ ಮೇಲೆ ರೇಷ್ಮೆ ಬಟ್ಟೆಯ ಅಲೆಯಂಥ ಸುಳಿಗಳು ಕಂಡವು. ಅಲ್ಲಿ 18.58 ಮೀಟರ್ ಮಾಡು ಸುಮಾರು 300 ಪಿಕ್ಸೆಲ್ ಅಗಲಕ್ಕೆ ಇಳಿದಿತ್ತು, ಅಂದರೆ ಒಂದು ಅಲೆಗೆ 1.2 ಪಿಕ್ಸೆಲ್. ಒಂದು ಅಲೆಗೆ ಎರಡು ಪಿಕ್ಸೆಲ್ ಕೂಡ ಸಿಗದಿದ್ದಾಗ ಅಲೆಯನ್ನು ತೋರಿಸಲು ಸಾಧ್ಯವೇ ಇಲ್ಲ. ಸ್ಯಾಂಪಲ್ ಏರಿಸಿದರೆ ಸುಳಿ ತಗ್ಗುತ್ತದೆ, ಆದರೆ ಡಿನಾಯ್ಸರ್ ಹಾಕಿದ್ದರೆ ಉಳಿದ ಸುಳಿಯನ್ನು ಅದು ವಿನ್ಯಾಸವೆಂದೇ ತಿಳಿದು ಇನ್ನಷ್ಟು ಸ್ಪಷ್ಟ ಮಾಡುವುದೂ ಉಂಟು. ಅಂಥ ನೋಟಕ್ಕೆ ಅಲೆಗಳಿಲ್ಲದ ಚಪ್ಪಟೆ ಶೀಟನ್ನು ಬಳಸಿ, Roughness ತುಸು ಏರಿಸಿ, ಒಂಬತ್ತು ಅಲೆಗೊಮ್ಮೆ ಬರುವ ಲ್ಯಾಪಿನ ಗೆರೆ, ಶೀಟಿನಿಂದ ಶೀಟಿಗೆ ಬಣ್ಣದ ವ್ಯತ್ಯಾಸ ಮತ್ತು ಪರ್ಲಿನ್ ಸಾಲಿನ ತುಕ್ಕನ್ನು ಮಾತ್ರ ಉಳಿಸಿಕೊಳ್ಳಬೇಕು. ಲ್ಯಾಪಿನ ಗೆರೆಗಳ ನಡುವೆ ಇನ್ನೂ ಹನ್ನೊಂದು ಪಿಕ್ಸೆಲ್ ಅಂತರ ಇರುವುದರಿಂದ ಅವು ಕಲಸಿಹೋಗುವುದಿಲ್ಲ, ಅಷ್ಟು ದೂರದಿಂದ ಕಣ್ಣು ಶೀಟಿನ ಮಾಡನ್ನು ಗುರುತಿಸುವುದೂ ಆ ಗೆರೆಗಳಿಂದಲೇ.